ಅಪ್‌ಡೇಟ್: ಅಪ್ಪ ಹೋಂವರ್ಕ್ ಓದಿದರು, ಆಣೆ ಲೆಕ್ಕದಲ್ಲಿ ಬಿಡಿಸಿದರು

ನಾನು ಕೇಳಿದ್ದು: "ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ಅಪ್ಪನಿಗೆ ಊರಿನಿಂದಲೇ ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುವ ಆಸೆ. ಹೋಂವರ್ಕಿನ ಫೋಟೋ ಓದಲಾಗುತ್ತಿಲ್ಲ, ಏನು ಮಾಡಲಿ?"

ಫೋಟೋ ಹಿಗ್ಗಿಸಿ ನೋಡುವ ಸಲಹೆ ಫಲಿಸಲಿಲ್ಲ, 2.75ರ ಚುಕ್ಕಿಯೇ ಮಸುಕಿನಲ್ಲಿ ಮಾಯವಾಗಿತ್ತು. ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕಿನಲ್ಲಿ ಒಂದೊಂದೇ ಲೆಕ್ಕದ ಫೋಟೋ ತೆಗೆಯಿರಿ ಎಂದವರಿಗೆ ಧನ್ಯವಾದ, ಅದೇ ಕೈಹಿಡಿಯಿತು.

ಕಿಲೋಗೆ 48 ರೂಪಾಯಿಯಂತೆ 2.75 ಕಿಲೋ ಅಕ್ಕಿಗೆ ಎಷ್ಟು? ಅಪ್ಪ ಫೋನಿನಲ್ಲೇ, "ಮುಕ್ಕಾಲೆಂದರೆ ಹನ್ನೆರಡಾಣೆ, ಪುಟ್ಟಿ. ಮೂರು ಕಿಲೋಗೆ 144, ಅದರಲ್ಲಿ ಕಾಲು ಕಿಲೋದ 12 ಕಳೆ" ಎಂದರು. ಉತ್ತರ 132! ಕಾಲು, ಅರೆ, ಮುಕ್ಕಾಲಿನ ಮಗ್ಗಿ ಅವರಿಗಿನ್ನೂ ಬಾಯಿಪಾಠವೆಂದು ನನಗೂ ಗೊತ್ತಿರಲಿಲ್ಲ. 2.73 ಬಂದರೆ ಮಾತ್ರ ಈ ದಾರಿ ಇಷ್ಟು ಸಲೀಸಲ್ಲ. ಹಾಗಾಗಿ ಮಗಳು ಶಾಲೆಯ ಕ್ರಮದಲ್ಲೇ ಬರೆದು, ತಾತನ ಲೆಕ್ಕದೊಂದಿಗೆ ತಾಳೆ ನೋಡುತ್ತಾಳೆ.