ಪೆಟ್ಟಿಗೆ ತುಂಬಲು ಎಷ್ಟು ಕಿಲೋ ಐಸ್ ಬೇಕು?

"ನನ್ನ ಥರ್ಮಾಕೋಲ್ ಪೆಟ್ಟಿಗೆ 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರ. ಐಸಿನ ಸಾಂದ್ರತೆ ಲೀಟರಿಗೆ 0.917 ಕಿಲೋ ಅಂತ ಹಿಡಿದು ಲೆಕ್ಕ ಹಾಕಿದ್ರೆ 88 ಕಿಲೋ ಬರುತ್ತೆ. ಪೂರ್ತಿ ತುಂಬೋಕೆ ಅಷ್ಟು ತರಬೇಕಾ? ಮಾಡಿ ನೋಡಿದವರು ಹೇಳಿ."

— ನೀವು ಹೊರಗಡೆಯಿಂದ ಅಳೆದಿದ್ದೀರಿ ಅನ್ಸುತ್ತೆ. ಗೋಡೆ, ತಳ, ಮುಚ್ಚಳ ಎಲ್ಲ 5 ಸೆಂ.ಮೀ. ದಪ್ಪ ಇದ್ರೆ ಒಳಗೆ ಉಳಿಯೋದು 50, 30, 30. ಅಂದ್ರೆ 45 ಲೀಟರ್ ಅಷ್ಟೆ. ಅದನ್ನ 0.917ರಿಂದ ಗುಣಿಸಿ: 41 ಕಿಲೋ ಚಿಲ್ಲರೆ. ಅಷ್ಟು ತನ್ನಿ, ಸಾಕು.

— ಮೇಲಿನವರು ಒಳಗಿನ ಅಳತೆ ಹಿಡಿದಿದ್ದು ಸರಿ, ಆದ್ರೆ 41 ಕಿಲೋ ತಂದ್ರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊರಗೇ ಉಳಿಯುತ್ತೆ. 0.917 ಅನ್ನೋದು ಒಂದೇ ಗಟ್ಟಿ ಗಡ್ಡೆಯ ಲೆಕ್ಕ. ತುಂಡು ಐಸ್ ಸುರಿದಾಗ ಮಧ್ಯೆ ಮಧ್ಯೆ ಗಾಳಿ ನಿಲ್ಲುತ್ತೆ. ನಾನು ಮಾಡೋದು ಹೀಗೆ: ನೀವು ತರೋ ತುಂಡುಗಳನ್ನೇ ಒಂದು ಲೀಟರ್ ಹಿಡಿಯೋ ಪಾತ್ರೆಗೆ ಅಂಚಿನ ಮಟ್ಟಕ್ಕೆ ತುಂಬಿ, ಮುಚ್ಚಿಟ್ಟು ಕರಗೋಕೆ ಬಿಡಿ. ಕರಗಿದ ನೀರು ಅಳೆಯಿರಿ. ನನಗೆ 560 ಮಿಲಿ ಸಿಕ್ಕಿತ್ತು. ಅಂದ್ರೆ ಲೀಟರ್ ಜಾಗಕ್ಕೆ 560 ಗ್ರಾಂ ಐಸ್, ತಕ್ಕಡಿಯೇ ಬೇಡ. 45 ಲೀಟರಿಗೆ 25 ಕಿಲೋ ಆಯ್ತು. ತುಂಡು ದೊಡ್ಡದಿದ್ರೆ ಪಾತ್ರೆಯೂ ದೊಡ್ಡದಿರಲಿ, ಇಲ್ಲದಿದ್ರೆ ಅಂಚಿನಲ್ಲಿ ಸಂದು ಜಾಸ್ತಿ ಉಳಿದು ಲೆಕ್ಕ ಕಡಿಮೆ ತೋರಿಸುತ್ತೆ. ಒದ್ದೆ ಐಸ್ ಆಗಿದ್ರೆ ಮೊದಲು ನೀರು ಬಸಿದು ತುಂಬಿ.

— ನಾನು ಇಂಥ ಪೆಟ್ಟಿಗೆಯೊಳಗೆ ಕೂರೋ ಡಬ್ಬಿಯಲ್ಲೇ ನೀರು ಹೆಪ್ಪುಗಟ್ಟಿಸ್ತೀನಿ. ಮೊದಲ ಸಲ 10 ಲೀಟರ್ ಡಬ್ಬಿಗೆ ಕಂಠಪೂರ್ತಿ ನೀರು ಹಾಕಿ ಮುಚ್ಚಳ ಬಿಗಿದಿದ್ದೆ, ಬೆಳಿಗ್ಗೆ ನೋಡಿದ್ರೆ ತಳದ ಮೂಲೆ ಸೀಳಿತ್ತು. ಈಗ 9 ಲೀಟರಿಗೇ ನಿಲ್ಲಿಸ್ತೀನಿ, ಗಡ್ಡೆ ಹತ್ತಿರ ಹತ್ತಿರ ಅಂಚಿಗೆ ಬರುತ್ತೆ. ಅಂದಹಾಗೆ, 25 ಕಿಲೋ ಹಾಕಿದ್ರೆ ಎಷ್ಟು ದಿನ ತಡೆಯುತ್ತೆ ಅಂತ ಕೇಳ್ತಿದ್ದೀರಾ?

— ಅವರು ಕೇಳಿದ್ದು ತೂಕ ಮಾತ್ರ. ಅದು ಬೇರೆ ಲೆಕ್ಕ. ಒಂದು ಸೇರಿಸ್ತೀನಿ: ಗಡ್ಡೆ, ತುಂಡು ಎರಡೂ ಹಾಕೋದಾದ್ರೆ ಬೇರೆ ಬೇರೆ ಲೆಕ್ಕ ಹಾಕಿ. ಗಡ್ಡೆ 30, 25, 20 ಸೆಂ.ಮೀ. ಇದ್ರೆ 15 ಲೀಟರ್, ಸುಮಾರು 13.8 ಕಿಲೋ. ಉಳಿದ 30 ಲೀಟರಿಗೆ ತುಂಡು 16.8 ಕಿಲೋ. ಆದ್ರೆ ಗಡ್ಡೆ ಮತ್ತು ಗೋಡೆ ನಡುವಿನ ಕಿರಿದಾದ ಸಂದಿಗೆ ತುಂಡು ಸರಿಯಾಗಿ ಇಳಿಯಲ್ಲ, ಅಲ್ಲಿ ಎಷ್ಟು ಕಳೆಯಬೇಕು ಅಂತ ನನಗೂ ಇನ್ನೂ ಹಿಡಿತ ಸಿಕ್ಕಿಲ್ಲ.

— ಕೇಳಿದವನು ನಾನೇ. ಒಳಗೆ ಟೇಪ್ ಹಿಡಿದೆ, 50, 30, 30 ಇದೆ. ಎರಡು ಸಲ ಕರಗಿಸಿ ನೋಡಿದೆ: ಸುಮ್ಮನೆ ಸುರಿದಾಗ 540 ಮಿಲಿ, ಪಾತ್ರೆ ಕುಲುಕಿ ತುಂಬಿದಾಗ 600. ಪೆಟ್ಟಿಗೆಗೆ 24 ಕಿಲೋನೋ 27ನೋ ಅನ್ನೋದು ಕುಲುಕೋದರ ಮೇಲೆ ಹೋಗ್ತಿದೆ. ಇಷ್ಟು ದೊಡ್ಡ ಪೆಟ್ಟಿಗೇನ ಪಾತ್ರೆ ಥರ ಕುಲುಕೋಕೆ ಆಗುತ್ತಾ? 27 ತರ್ತೀನಿ, ಉಳಿದಿದ್ದು ಬಕೆಟ್ಟಿನಲ್ಲಿ ಅಳೆದು ಇಲ್ಲೇ ಬರೀತೀನಿ.