ಅಪ್‌ಡೇಟ್: ಚರಂಡಿ ಎಸ್ಟಿಮೇಟ್‌ನಲ್ಲಿ ಶಟರಿಂಗ್ ಲೆಕ್ಕ

ನಾನು ಕೇಳಿದ್ದು: "ಊರಿನ 100 ಮೀಟರ್ ಸಿಸಿ ಚರಂಡಿಗೆ ಸರ್ಕಾರಿ ದರಪಟ್ಟಿಯಾದ ಎಸ್‌ಆರ್ ದರದಲ್ಲಿ ಎಸ್ಟಿಮೇಟ್ ಮಾಡುತ್ತಿದ್ದೇನೆ. ಕಾಂಕ್ರೀಟ್ ಜೊತೆ ಅದನ್ನು ಗಟ್ಟಿಯಾಗುವವರೆಗೆ ಹಿಡಿದಿಡುವ ಅಚ್ಚು, ಅಂದರೆ ಶಟರಿಂಗ್ ಬೇರೆ ಹಾಕಬೇಕಾ?"

ಎಸ್ಟಿಮೇಟ್ ಪಾಸ್ ಆಯಿತು, ಎಲ್ಲರಿಗೂ ಥ್ಯಾಂಕ್ಸ್. ಕೆಲಸಕ್ಕೆ ಬಂದದ್ದು ಐಟಂ ವಿವರಣೆಯನ್ನು ಕೊನೆಯವರೆಗೂ ಓದಿ ಅಂದವರ ಸಲಹೆ. ನಾನು ಆರಿಸಿದ ಐಟಂನ ಕೊನೆಯಲ್ಲಿ "ಸೆಂಟರಿಂಗ್, ಶಟರಿಂಗ್ ಹೊರತುಪಡಿಸಿ" ಎಂದಿತ್ತು. ಹಾಗಾಗಿ ಅದನ್ನು ಚದರ ಮೀಟರಿನಲ್ಲಿ ಬೇರೆ ಹಾಕಿದೆ. ಸೇರಿಸಿಯೇ ದರ ಕೊಟ್ಟಿರುವ ಐಟಂ ಆದರೆ ಮತ್ತೆ ಹಾಕಬೇಡಿ, ಎರಡು ಸಲ ಲೆಕ್ಕ ಆಗುತ್ತದೆ.

ಪಕ್ಕದೂರಿನ ಎಸ್ಟಿಮೇಟ್‌ನಿಂದ ಮೀಟರಿಗೆ ಇಷ್ಟು ಅಂತ ತೆಗೆದುಕೊಳ್ಳಿ ಎಂಬ ಸಲಹೆ ಮಾತ್ರ ಹೊಂದಲಿಲ್ಲ. ಅಲ್ಲಿನ ಚರಂಡಿಯ ಆಳ, ಜಲ್ಲಿ ತರುವ ದೂರ ಎರಡೂ ಬೇರೆ.

ನನಗೆ ಆಶ್ಚರ್ಯ ಆದದ್ದು ಮಣ್ಣಿನ ಲೆಕ್ಕ. ಒಳಗೆ 0.45 ಮೀಟರ್ ಅಗಲ, ಅಷ್ಟೇ ಆಳ. ಗೋಡೆ, ತಳ 0.15 ದಪ್ಪ. ಕೆಳಗೆ ಅಗೆತದ ಪೂರ್ತಿ ಅಗಲಕ್ಕೆ 0.10 ಬೆಡ್ ಕಾಂಕ್ರೀಟ್. ಎರಡೂ ಬದಿ ಕೆಲಸದ ಜಾಗ 0.15 ಸೇರಿಸಿದರೆ ಅಗೆತ 1.05 ಅಗಲ, 0.70 ಆಳ, ಅಂದರೆ 73.5 ಘನ ಮೀಟರ್. ಅಷ್ಟೂ ಮಣ್ಣು ಸಾಗಿಸಬೇಕು ಅಂತ ಹಾಕುವುದು ತಪ್ಪು. ಗೋಡೆಯ ಹೊರಗಿನ ಖಾಲಿ ಜಾಗಕ್ಕೆ 18 ಘನ ಮೀಟರ್ ವಾಪಸ್ ತುಂಬುತ್ತೇವಲ್ವಾ? ಸಾಗಣೆಗೆ ಉಳಿಯುವುದು 55.5 ಮಾತ್ರ. ಪರಿಶೀಲನೆ ಮಾಡಿದ ಎಂಜಿನಿಯರ್ ಮೊದಲು ನೋಡಿದ್ದೇ ಈ ಸಾಲು. ವಾಪಸ್ ತುಂಬುವುದನ್ನು ಬೇರೆ ಐಟಂ ಆಗಿ ತೋರಿಸಿದ್ದರಿಂದ ಪ್ರಶ್ನೆ ಬರಲಿಲ್ಲ.