ಮೂರು ತೊಲಿ ಸರ: ಮುದ್ರಿ ನೋಡೋದು ಹೆಂಗ, ಮಜೂರಿ ಲೆಕ್ಕ ಹಾಕೋದು ಹೆಂಗ

ಕೇಳಿದವರು (ಕಲಬುರಗಿ): ಮಗಳ ಮದುವಿಗೆ ಮೂರು ತೊಲಿ ಸರ ತೊಗೋಬೇಕು. ಸರಾಫ್ ಬಜಾರದಾಗ ಒಂದು ಅಂಗಡಿಯವರು ಮಜೂರಿ ಶೇ 8, ವಾಪಸ್ ಕೊಟ್ರ ಶೇ 4 ಕಡಿತ ಅಂದಾರ. ದೊಡ್ಡ ಶೋರೂಮಿನವರು ಮಜೂರಿ ಶೇ 12, ಕಡಿತ ಶೇ 2 ಅಂದಾರ. ಎರಡೂ ಕಡೆ ಹಾಲ್‌ಮಾರ್ಕ್ ಅದ ಅಂತಾರ. ಮುದ್ರಿ ಖರೇ ಅಂತ ಹೆಂಗ ತಿಳೀಬೇಕು? ಯಾವ ಕಡೆ ತೊಗೊಂಡ್ರ ಚಲೋ?

ಶಹಾಬಾದ್‌ದವರು: 916 ಕೆಡಿಎಂ ಅಂತ ಹೊಡೆದಿದ್ರ ಸಾಕ್ರಿ, ಸಾವಿರಕ್ಕ 916 ಪಾಲು ಬಂಗಾರ, ಅದೇ 22 ಕ್ಯಾರೆಟ್. ಸಂಶಯ ಬಂದ್ರ ಅಲ್ಲೇ ಒರೆಗಲ್ಲಿಗೆ ತಿಕ್ಕಿ ಆಸಿಡ್ ಹಾಕಿ ತೋರಿಸ್ರಿ ಅನ್ರಿ. ಪಕ್ಕಾ ಬಿಲ್ ಮಾತ್ರ ಬಿಡಬ್ಯಾಡ್ರಿ, ಅದರಾಗ ತೂಕ ಗ್ರಾಮಿನ್ಯಾಗೇ ಬರೆಸ್ರಿ. ತೊಲಿ ಅಂದ್ರ ಒಬ್ಬರು 10 ಗ್ರಾಂ ಅಂತಾರ, ಹಳಬರು 11.66 ಅಂತಾರ.

ಬೀದರ್‌ದವರು: ಗ್ರಾಮಿನ್ಯಾಗ ಬರೆಸೋದು ಬರೋಬ್ಬರಿ ಮಾತು. ಆದ್ರ ಕೆಡಿಎಂ ಅನ್ನೋದು ಶುದ್ಧತೆಯ ಗುರುತೇ ಅಲ್ಲ. ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಹಾಕಿದ್ದಕ್ಕ ಆ ಹೆಸರು ಬಂತು. ಅದರ ಹೊಗಿ ಪತ್ತಾರರ ಪುಪ್ಪುಸಕ್ಕ ಕೆಟ್ಟದ್ದು. ಬರೀ 916 ಅಂತ ಯಾರರೆ ಹೊಡೀಬಹುದು. 2021ರ ಜುಲೈ 1ರಿಂದ ಹಾಲ್‌ಮಾರ್ಕ್ ಅಂದ್ರ ಮೂರು ಗುರುತು ಒಟ್ಟಿಗೆ ಇರಬೇಕು: ಭಾರತೀಯ ಮಾನಕ ಸಂಸ್ಥೆ ಅಂದ್ರ ಬಿಐಎಸ್‌ನ ತ್ರಿಕೋನದ ಚಿಹ್ನೆ, 22K916 ಅನ್ನೋ ಬರಹ, ಮತ್ತ ಎಚ್‌ಯುಐಡಿ, ಅಂದ್ರ ಆ ಒಂದು ಒಡವಿಗಷ್ಟೇ ಕೊಟ್ಟ ಅಕ್ಷರ ಅಂಕಿ ಬೆರೆತ ಆರು ಸ್ಥಾನದ ನಂಬರ್. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಮಾಲು ಅಂಗಡಿಯವರು ಮಾರೋ ಹಂಗಿಲ್ಲ.

ಸರದಾಗ ಇದು ಕೊಂಡಿ ಹತ್ರ ಬಾಳ ಸಣ್ಣಗ ಇರ್ತದ. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಭೂತಗನ್ನಡಿ ಅಂಗಡಿಯವರೇ ಇಟ್ಟಿರಬೇಕು, ಕೇಳಿ ಇಸಗೋರಿ. ಆಮ್ಯಾಲ ನಿಮ್ಮ ಮೊಬೈಲಿನ್ಯಾಗ BIS CARE ಅನ್ನೋ ಆ್ಯಪ್ ತೆರೆದು Verify HUID ಒತ್ತಿ ಆ ಆರು ಅಕ್ಷರ ಹಾಕ್ರಿ. ಅವರ ಮೊಬೈಲಿನ್ಯಾಗ ತೋರಿಸಿದ್ರ ಒಪ್ಪಬ್ಯಾಡ್ರಿ. ಸೊನ್ನಿಗೂ ಇಂಗ್ಲಿಷ್ ಓ ಅಕ್ಷರಕ್ಕೂ ಗೊಂದಲ ಆಗ್ತದ, ಮೊದಲ ಸಲ ಬರಲಿಲ್ಲಂದ್ರ ಇನ್ನೊಂದು ಹಾಕಿ ನೋಡ್ರಿ.

ನಂಬರ್ ಬಂತು ಅಂದಕೂಡಲೇ ಮೊಬೈಲ್ ಮುಚ್ಚಬ್ಯಾಡ್ರಿ, ಎಲ್ಲಾರೂ ತಪ್ಪೋದು ಇಲ್ಲೇ. ಯಾವ ಒಡವಿ, ಎಷ್ಟು ಶುದ್ಧತೆ, ಯಾವ ಕೇಂದ್ರದಾಗ ಪರೀಕ್ಷೆ ಆಯ್ತು ಅಂತ ಅಲ್ಲಿ ತೋರಿಸ್ತದ. ನಿಮ್ಮ ಕೈಯಾಗ ಸರ ಇದ್ದು ಅಲ್ಲಿ ಉಂಗುರ ಅಂತ ಬಂದ್ರ, ಇಲ್ಲಾ 18K750 ಅಂತ ಬಂದ್ರ, ಬ್ಯಾರೆ ಒಡವಿಯ ನಂಬರ್ ಇದಕ್ಕ ಹೊಡೆದಾರ ಅಂತ ಅರ್ಥ. ನೋಂದಾಯಿತ ವ್ಯಾಪಾರಿ ಬ್ಯಾರೆ ಇದ್ರ ಮಾತ್ರ ಗಾಬರಿ ಆಗಬ್ಯಾಡ್ರಿ. ಸಗಟು ವ್ಯಾಪಾರಿ ಮುದ್ರಿ ಹಾಕಿಸಿ ಇವರಿಗೆ ಕೊಟ್ಟಿರಬಹುದು, ಅದನ್ನ ಬಾಯಿಬಿಟ್ಟು ಕೇಳ್ರಿ.

ಒರೆಗಲ್ಲು ತೋರಿಸೋದು ಮ್ಯಾಲಿನ ಪದರ ಅಷ್ಟೇ. 916ಕ್ಕೂ 900ಕ್ಕೂ ಇರೋ ಫರಕ ಗೆರಿಯೊಳಗ ಹಿಡಿಯೋದು ಬಾಳ ಕಷ್ಟ. ಖರೇನೇ ಸಂಶಯ ಇದ್ರ ಬಿಐಎಸ್ ಮಾನ್ಯತೆ ಇರೋ ಪರೀಕ್ಷಾ ಕೇಂದ್ರಕ್ಕ ನೀವೇ ಒಯ್ಯಬಹುದು. ನಾಲ್ಕು ಒಡವಿ ತನಕ ಶುಲ್ಕ 200 ರೂಪಾಯಿ, ತೆರಿಗೆ ಬ್ಯಾರೆ. ಹಾಲ್‌ಮಾರ್ಕ್ ಹೇಳಿದ್ದಕ್ಕಿಂತ ಕಡಿಮಿ ಬಂದ್ರ, ಕೊರತೆ ಬಿದ್ದ ಮೊತ್ತದ ಎರಡು ಪಟ್ಟು ಮತ್ತ ಪರೀಕ್ಷೆಯ ಖರ್ಚು ಕೊಡೋ ಹೊಣಿ ಮಾರಿದವರದ್ದು.

ಸುರಪುರದವರು: ನಮ್ಮ ಅಜ್ಜಿಯ ಪಾಟ್ಲಿ ಅವ, ಒಂದೂ ಮುದ್ರಿ ಇಲ್ಲ. ಮುದ್ರಿ ಇಲ್ಲದ ಬಂಗಾರ ಈಗ ಯಾರೂ ತೊಗೋಳಂಗಿಲ್ಲ ಅಂತಾರಲ್ರಿ?

ಬೀದರ್‌ದವರು: ಆ ನಿಯಮ ಅಂಗಡಿಯವರು ಮಾರೋದಕ್ಕ ಇರೋದು ಅಕ್ಕಾ. ಮನಿಯವರು ಹಳೇ ಬಂಗಾರ ಕೊಡೋದಕ್ಕ ಅಡ್ಡಿ ಇಲ್ಲ. ಕೊಡೋ ಮೊದಲು ಪರೀಕ್ಷಾ ಕೇಂದ್ರದ ಕಾಗದ ಕೈಯಾಗ ಇರಲಿ, ಇಲ್ಲಂದ್ರ ಅಂಗಡಿಯವರು ಹೇಳಿದ್ದೇ ಕ್ಯಾರೆಟ್ ಆಗ್ತದ.

ಹುಮನಾಬಾದ್‌ದವರು: ಎರಡು ಅಂಗಡಿಯ ಲೆಕ್ಕ ನಾ ಹಾಕ್ತೀನಿ. ಸುಲಭ ಆಗಲಿ ಅಂತ 22 ಕ್ಯಾರೆಟ್ ದರ ಗ್ರಾಮಿಗೆ 12,000, ನಿವ್ವಳ ತೂಕ 30 ಗ್ರಾಂ ಅಂತ ಹಿಡೀರಿ. ಬಂಗಾರದ ಬೆಲಿ 3,60,000.

ಬಜಾರದ ಅಂಗಡ್ಯಾಗ ಮಜೂರಿ 28,800 ಸೇರಿ 3,88,800. ಅದರ ಮ್ಯಾಲ ಶೇ 3 ಜಿಎಸ್‌ಟಿ 11,664. ಒಟ್ಟು 4,00,464. ಶೋರೂಮಿನ್ಯಾಗ ಮಜೂರಿ 43,200 ಸೇರಿ 4,03,200, ಜಿಎಸ್‌ಟಿ 12,096, ಒಟ್ಟು 4,15,296. ಹಾಲ್‌ಮಾರ್ಕ್ ಶುಲ್ಕ ಒಂದು ಒಡವಿಗೆ 45 ರೂಪಾಯಿ ಮತ್ತ ಅದರ ತೆರಿಗೆ ಅಷ್ಟೇ, ಎರಡೂ ಕಡೆ ಒಂದೇ. ಇದರ ಹೆಸರಿನ್ಯಾಗ ಸಾವಿರಗಟ್ಟಲೆ ಹಾಕಿದ್ರ ಅಲ್ಲೇ ತಡೀರಿ.

ಅಂದ್ರ ಶೋರೂಮಿಗೆ ಇವತ್ತು 14,832 ಹೆಚ್ಚು ಹೋಗ್ತದ. ಇದೇ ದರದಾಗ ವಾಪಸ್ ಕೊಟ್ರ ಬಜಾರದವರು ಹಿಡಿಯೋದು 14,400, ಶೋರೂಮಿನವರು 7,200. ಉಳಿಯೋದು 7,200 ಅಷ್ಟೇ, ಆದ್ದರಿಂದ ಬಜಾರದ ಅಂಗಡೀನೇ ಅಗ್ಗ. ಆದ್ರ ಒಂದು ಮಾತು ತಲ್ಯಾಗ ಇರಲಿ: ಮಜೂರಿ ಕೊಡೋದು ಇವತ್ತಿನ ದರಕ್ಕ, ಕಡಿತ ಆಗೋದು ಮಾರೋ ದಿನದ ದರಕ್ಕ. ದರ ಎರಡು ಪಟ್ಟು ಆದ್ಮ್ಯಾಲ ಕೊಟ್ರ ಶೇ 2ರ ಫರಕಾನೇ 14,400 ಆಗಿ ಎರಡೂ ಅಂಗಡಿ ಹೆಚ್ಚುಕಡಿಮಿ ಸಮ ಆಗ್ತಾವ.

ಶಹಾಬಾದ್‌ದವರು: ಹಂಗಾದ್ರ ಮಗಳು ಮಾರೋದೇ ಇಲ್ಲ ಅಂದ್ರ ಕಡಿತದ ಮಾತೇ ಬ್ಯಾಡ, ಮಜೂರಿ ಒಂದೇ ನೋಡಿದ್ರ ಆಯ್ತು.

ಹುಮನಾಬಾದ್‌ದವರು: ಮಾರಂಗಿಲ್ಲ ಅಂದವರೂ ಹತ್ತು ವರ್ಷಕ್ಕ ಮುರಿಸಿ ಬ್ಯಾರೆ ಮಾಡಿಸ್ತಾರ. ಅದಕ್ಕ ಮೂರು ಮಾತು ಕೇಳಿ ಬಿಲ್ಲಿನ ಮ್ಯಾಲೇ ಬರೆಸ್ಕೋರಿ. ಶೇ 2 ಅನ್ನೋದು ನಗದಿಗೋ, ಬದಲಿ ಒಡವಿ ತೊಗೊಂಡ್ರ ಮಾತ್ರವೋ? ಕಡಿತ ತೂಕದಾಗೋ, ಮೊತ್ತದಾಗೋ? ದರ ಆ ದಿನದ 22 ಕ್ಯಾರೆಟ್ ದರವೋ, ಕರಗಿಸಿ ಬಂದ ಶುದ್ಧತೆಗೋ? ಈ ಮೂರನೇದು ಬಾಳ ಮುಖ್ಯ. ಬೆಸುಗೆ ಹೆಚ್ಚಿದ್ದ ಸರ ಕರಗಿಸಿದಾಗ 916 ಬದಲು 905 ಬಂತು ಅಂತ ಹೇಳಿ ಶೇ 1ರಷ್ಟು ಮತ್ತ ಹಿಡೀತಾರ, ಆಮ್ಯಾಲ ಹೇಳಿದ ಶೇ 2 ಬ್ಯಾರೆ. ಕಡಿತ ಶೇ 2 ಅಂತ ಬಾಯಿಲೆ ಹೇಳಿದ್ದು ಆಗ ಶೇ 3 ಆಗಿರ್ತದ.

ಮಜೂರಿ ಶೇಕಡಾ ಲೆಕ್ಕದಾಗ ಅಷ್ಟೇ ಬ್ಯಾಡ, ಗ್ರಾಮಿಗೆ ಎಷ್ಟು ಅಂತಾನೂ ಕೇಳ್ರಿ. ದರ ಏರಿದಾಗ ಶೇಕಡಾ ಲೆಕ್ಕದ ಮಜೂರೀನೂ ಏರ್ತದ, ಪತ್ತಾರನ ಕೆಲಸ ಮಾತ್ರ ಅಷ್ಟೇ ಇರ್ತದ. ಚೌಕಾಸಿಗೆ ಜಾಗ ಇರೋದು ಅಲ್ಲೇ.

ಕೇಳಿದವರು: ಸರ ಅಂದದ್ದು ಬೋರಮಾಳ. ಅದಕ್ಕೂ ಇದೇ ಲೆಕ್ಕಾನಾ?

ಬೀದರ್‌ದವರು: ಅದನ್ನ ಮೊದಲೇ ಹೇಳಬೇಕಿತ್ರಿ! ಬೋರಮಾಳದ ಗುಂಡಿನೊಳಗ ಅರಗು ತುಂಬಿರ್ತಾರ. ಹಾಲ್‌ಮಾರ್ಕ್ ಬಂಗಾರದ ಶುದ್ಧತೆ ಹೇಳ್ತದ, ಒಳಗ ಅರಗು ಎಷ್ಟು ಅದ ಅಂತ ಹೇಳಂಗಿಲ್ಲ. ತಕ್ಕಡ್ಯಾಗ 30 ಗ್ರಾಂ ಬಂದ್ರ, ಅರಗು ಮತ್ತ ದಾರ ಸೇರಿ 4 ಗ್ರಾಂ ಇದ್ರ, ಬಂಗಾರ 26 ಗ್ರಾಂ. ಆ 4 ಗ್ರಾಮಿಗೆ ಬಂಗಾರದ ದರ ಹಾಕಿದ್ರ 48,000 ಹೋದಂಗ, ಅದರ ಮುಂದ ಮಜೂರಿಯ ಫರಕ ಏನೂ ಅಲ್ಲ. ಒಟ್ಟು ತೂಕ, ನಿವ್ವಳ ತೂಕ ಎರಡೂ ಬಿಲ್ಲಿನ್ಯಾಗ ಬ್ಯಾರೆ ಬ್ಯಾರೆ ಇರಬೇಕು, ಮಜೂರೀನೂ ನಿವ್ವಳ ತೂಕಕ್ಕೇ ಹಾಕಬೇಕು.

ಹುಮನಾಬಾದ್‌ದವರು: ಆದ್ರ ಅರಗು 4 ಗ್ರಾಂ ಅಂತ ಅವರೇ ಹೇಳಬೇಕು. ಗುಂಡು ಒಡೀದೆ ನಾವು ನೋಡೋದಕ್ಕ ದಾರಿ ಇಲ್ಲ.

ಬೀದರ್‌ದವರು: ಕಟ್ಟಿಸೋದಿದ್ರ ಅರಗು ತುಂಬೋ ಮೊದಲು ಖಾಲಿ ಗುಂಡು ನಿಮ್ಮ ಮುಂದ ತೂಗಿಸ್ರಿ. ತಯಾರಿ ಮಾಲಿಗೆ ಅದು ಆಗಂಗಿಲ್ಲ, ಅಲ್ಲಿ "ವಾಪಸ್ ತೊಗೋವಾಗ ಇದೇ ನಿವ್ವಳ ತೂಕ ಹಿಡೀತೀವಿ" ಅಂತ ಬರೆದು ಸಹಿ ಹಾಕ್ರಿ ಅನ್ರಿ.

ಹುಮನಾಬಾದ್‌ದವರು: ಹಂಗ ಬರೆದು ಕೊಡೋ ಅಂಗಡಿ ಕಡಿಮಿ. ಕರಗಿಸಿದ ಮ್ಯಾಲ ಬಂದಷ್ಟು ಅಂತಾರ. ನಾ ಆಗಿದ್ರ ತಯಾರಿ ಬೋರಮಾಳ ಬಿಟ್ಟು ಕಟ್ಟಿಸೋದೇ ಆರಿಸ್ತಿದ್ದೆ. ಮಜೂರಿ ಶೇ 12 ಆದ್ರೂ ನಡೀತದ.